ಡಿಸ್ಕಿನ ಮೇಲೆ ಹೊರಿಸಿದ ತಪ್ಪು

ದೊಡ್ಡ ಗೇಮ್ ಒಂದನ್ನು ಇನ್‌ಸ್ಟಾಲ್ ಮಾಡುವಾಗ ಅರ್ಧಕ್ಕೆ ನಿಂತು `Disk write error` ಎಂದು ಬಂತೆನ್ನಿ. ಕಂಪ್ಯೂಟರ್ ಬಲ್ಲವರು ಕೊಡುವ ಮದ್ದು ಸಾಮಾನ್ಯವಾಗಿ ಒಂದೇ: `chkdsk /r` ಹಾಕಿ, ರಾತ್ರಿಯಿಡೀ ಓಡಲು ಬಿಡಿ. ಸಲಹೆ ಪೂರ್ತಿ ಸುಳ್ಳಲ್ಲ. ಆದರೆ ಕೊನೆಗೆ ಮಾಡಬೇಕಾದ ಕೆಲಸವನ್ನು ಅದು ಮೊದಲಿಗೆ ತಂದಿಟ್ಟಿದೆ ಎಂಬುದೇ ನನ್ನ ತಕರಾರು.

ಅರ್ಧ ತಪ್ಪು ಆ ಸಂದೇಶದ್ದೇ. ಬರೆಯಲು ಆಗದಿದ್ದಾಗ ವಿಂಡೋಸ್ ಸುಮ್ಮನಿರುವುದಿಲ್ಲ, ಪ್ರೋಗ್ರಾಮಿಗೆ ಒಂದು ಸಂಖ್ಯೆ ಕೊಡುತ್ತದೆ. ಅನುಮತಿ ಇಲ್ಲದಿದ್ದರೆ 5, ಜಾಗ ಮುಗಿದಿದ್ದರೆ 112, ಡಿಸ್ಕೇ ಕೈಕೊಟ್ಟರೆ 1117. ಎಷ್ಟೋ ಇನ್‌ಸ್ಟಾಲರ್‌ಗಳು ಇದನ್ನೆಲ್ಲ ನುಂಗಿಕೊಂಡು ಒಂದೇ ಸಾಲು ತೋರಿಸುತ್ತವೆ. ಓದಿದವರಿಗೆ ಡಿಸ್ಕ್ ಹಾಳಾಗಿದೆ ಎನಿಸದೆ ಇನ್ನೇನು ಅನಿಸೀತು?

ಒಂದು ಉದಾಹರಣೆ ನೋಡೋಣ. 500 ಜಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಖಾಲಿ ಜಾಗ 300 ಜಿಬಿ. ಗೇಮ್‌ಗೆ ಬೇಕಾದದ್ದು 60. ಸಣ್ಣ ಫೈಲುಗಳೆಲ್ಲ ಸಲೀಸಾಗಿ ಇಳಿಯುತ್ತವೆ, ಒಂದು ದೊಡ್ಡ ಫೈಲ್ ಬಂದಾಗ ಎಲ್ಲ ನಿಲ್ಲುತ್ತದೆ. ಮತ್ತೆ ಶುರು ಮಾಡಿದರೂ ನಿಲ್ಲುವುದು ಅದೇ ಫೈಲಿನಲ್ಲಿ. ಈ 'ಅದೇ ಫೈಲ್' ಎನ್ನುವುದೇ ದೊಡ್ಡ ಸುಳಿವು. ಆಗ ಕೇಳಬೇಕಾದ ಪ್ರಶ್ನೆ ಫೈಲ್ ಸಿಸ್ಟಮ್ ಯಾವುದು ಎಂಬುದು:

```
fsutil fsinfo volumeinfo E:
```

`File System Name` ಎದುರು `FAT32` ಎಂದಿದ್ದರೆ ಹುಡುಕಾಟ ಬಹುಪಾಲು ಮುಗಿದಂತೆ. ಹಳೆಯ ಟಿವಿಗೆ ಚುಚ್ಚಲೆಂದು ಯಾರೋ ಹಾಗೆ ಫಾರ್ಮ್ಯಾಟ್ ಮಾಡಿಟ್ಟಿರುತ್ತಾರೆ. ಎಫ್‌ಎಟಿ32 ಫೈಲಿನ ಅಳತೆಯನ್ನು 32 ಬಿಟ್‌ಗಳಲ್ಲಿ ಬರೆದಿಡುತ್ತದೆ. ಹಾಗಾಗಿ ಒಂದು ಫೈಲ್ 4 ಜಿಬಿಗೆ ಒಂದು ಬೈಟ್ ಕಡಿಮೆ ಇರುವಷ್ಟರವರೆಗೆ ಮಾತ್ರ ಬೆಳೆಯಬಲ್ಲದು, ಡಿಸ್ಕಿನಲ್ಲಿ ಎಷ್ಟೇ ಜಾಗವಿರಲಿ. ಕೆಲವು ಪ್ರೋಗ್ರಾಮ್‌ಗಳು ಇದನ್ನೇ 'ಜಾಗ ಸಾಲದು' ಎಂದು ತೋರಿಸಿ ಇನ್ನಷ್ಟು ದಾರಿ ತಪ್ಪಿಸುತ್ತವೆ. ಇಂಥ ಡಿಸ್ಕಿನ ಮೇಲೆ ರಾತ್ರಿಯಿಡೀ `chkdsk` ಓಡಿಸಿದರೆ ಬೆಳಿಗ್ಗೆ 'ಎಲ್ಲ ಸರಿಯಿದೆ' ಎಂಬ ವರದಿ ಬರುತ್ತದೆ. ವರದಿ ನಿಜ, ಗೇಮ್ ಮಾತ್ರ ಇಳಿಯುವುದಿಲ್ಲ. ಮುಖ್ಯವಾದ ಫೈಲುಗಳನ್ನು ಬೇರೆಡೆ ಕಾಪಿ ಮಾಡಿಕೊಂಡು ಹೀಗೆ ಬದಲಿಸಬಹುದು:

```
convert E: /fs:ntfs
```

ಒಳಗಿನ ಫೈಲುಗಳು ಹಾಗೇ ಉಳಿಯುತ್ತವೆ. ಆದರೆ ಇದೇ ಆಜ್ಞೆಯಿಂದ ಹಿಂದಕ್ಕೆ ಬರಲಾಗದು, ಮತ್ತು ಆ ಹಳೆಯ ಟಿವಿ ಇನ್ನು ಮುಂದೆ ಡಿಸ್ಕನ್ನು ಗುರುತಿಸದೆಯೂ ಇರಬಹುದು.

ಖಾಲಿ ಜಾಗದ ವಿಷಯದಲ್ಲಿ ಜನ ನೋಡುವುದು ಇನ್‌ಸ್ಟಾಲ್ ಆಗುವ ಡ್ರೈವನ್ನು ಮಾತ್ರ. ಎಷ್ಟೋ ಇನ್‌ಸ್ಟಾಲರ್‌ಗಳು ಮೊದಲು `%TEMP%` ಫೋಲ್ಡರಿನಲ್ಲಿ ಫೈಲುಗಳನ್ನು ಬಿಚ್ಚುತ್ತವೆ, ಅದು ಸಾಮಾನ್ಯವಾಗಿ ಇರುವುದು ಸಿ ಡ್ರೈವಿನಲ್ಲಿ. ಡಿ ಡ್ರೈವ್ ಅರ್ಧ ಖಾಲಿಯಿದ್ದರೂ ಸಿ ತುಂಬಿದ್ದರೆ ಕೆಲಸ ಕೆಡುತ್ತದೆ. ಅಪ್‌ಡೇಟ್ ಮಾಡುವಾಗಲೂ ಹಳೆಯ ಫೈಲ್, ಹೊಸ ಫೈಲ್ ಎರಡೂ ಸ್ವಲ್ಪ ಹೊತ್ತು ಜೊತೆಗೇ ಇರಬೇಕಾಗಬಹುದು.

ಇನ್ನು ಬ್ಯಾಡ್ ಸೆಕ್ಟರ್. ಜನಪ್ರಿಯ ಸಲಹೆಯ ನಿಜವಾದ ಕೊರತೆ ಇರುವುದು ಇಲ್ಲಿ. ಹಾರ್ಡ್ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್ ಹೆಚ್ಚಾಗಿ ಸಿಕ್ಕಿಬೀಳುವುದು ಓದುವಾಗ. ಅದರ ಮೇಲೆ ಬರೆಯಲು ಹೋದಾಗ ಡಿಸ್ಕ್, ತಾನು ಮೀಸಲಿಟ್ಟ ಬಿಡಿ ಸೆಕ್ಟರೊಂದನ್ನು ಅದರ ಜಾಗಕ್ಕೆ ತಂದುಕೊಂಡು ಸದ್ದಿಲ್ಲದೆ ಮುಂದುವರಿಯಬಲ್ಲದು. ಆದ್ದರಿಂದ ಬರೆಯುವುದೇ ಸೋತಿದ್ದರೆ ಒಂದೆರಡು ಸೆಕ್ಟರ್ ಕೆಟ್ಟಿವೆ ಎನ್ನುವುದಕ್ಕಿಂತ, ಮೀಸಲು ಬರಿದಾಗಿದೆ ಅಥವಾ ಕೇಬಲ್ ಸಡಿಲವಿದೆ ಎಂಬ ಅನುಮಾನ ಬರಬೇಕು. `chkdsk /r` ಇವೆರಡನ್ನು ಬೇರ್ಪಡಿಸಿ ಹೇಳುವುದಿಲ್ಲ. 1 ಟಿಬಿ ಡಿಸ್ಕನ್ನು ಸೆಕೆಂಡಿಗೆ 100 ಎಂಬಿಯಂತೆ ಓದಿದರೂ ಅದಕ್ಕೆ ಮೂರು ಗಂಟೆಯ ಹತ್ತಿರ ಹತ್ತಿರ ಬೇಕು. ಸಾಯುವ ಹಂತದ ಡಿಸ್ಕಾದರೆ ಅಷ್ಟು ಹೊತ್ತಿನ ಓದೇ ಅದರ ಕೊನೆಯ ಕೆಲಸವಾಗಬಹುದು, ಒಳಗಿನ ಫೋಟೊಗಳಿನ್ನೂ ಕಾಪಿಯಾಗಿರುವುದಿಲ್ಲ.

ಅದಕ್ಕಿಂತ ಮೊದಲು ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಸ್ಮಾರ್ಟ್ ಲೆಕ್ಕ ನೋಡುವುದು ಲೇಸು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ಪ್ರೋಗ್ರಾಮ್ ಇದನ್ನು ನಿಮಿಷದೊಳಗೆ ತೋರಿಸುತ್ತದೆ. `05` ಎಂದರೆ ಈಗಾಗಲೇ ಬದಲಿಸಿದ ಸೆಕ್ಟರ್‌ಗಳು, `C5` ಎಂದರೆ ಅನುಮಾನದಲ್ಲಿರುವವು. ಇವೆರಡೂ ಸೊನ್ನೆಯಿದ್ದರೆ ಡಿಸ್ಕಿನ ಮೇಲ್ಮೈಯನ್ನು ದೂರಲು ಆಧಾರ ಕಡಿಮೆ. ದಿನದಿಂದ ದಿನಕ್ಕೆ ಏರುತ್ತಿದ್ದರೆ ರಿಪೇರಿಯ ಮಾತು ಬಿಟ್ಟು ಕಾಪಿ ಶುರು ಮಾಡಬೇಕು. `C7` ಮಾತ್ರ ಏರುತ್ತಿದ್ದರೆ ದೋಷ ಸಾಮಾನ್ಯವಾಗಿ ಕೇಬಲ್ಲಿನದು. ಕೇಬಲ್ ಬದಲಿಸಿದ ಮೇಲೆ ಆ ಸಂಖ್ಯೆ ಇಳಿಯುವುದಿಲ್ಲ, ಅದು ಈವರೆಗಿನ ಒಟ್ಟು ಲೆಕ್ಕ. ಹೊಸ ಕೇಬಲ್ ಹಾಕಿ ಅದೇ ಗೇಮನ್ನು ಇನ್ನೊಮ್ಮೆ ಇಳಿಸಿ, ಸಂಖ್ಯೆ ನಿಂತಲ್ಲೇ ನಿಂತಿದೆಯೇ ನೋಡಿದರಾಯಿತು.