ಹದ್ದೋ ಧೂಳೋ

ಫೆಬ್ರವರಿಯ ಒಂದು ಬೆಳಿಗ್ಗೆ ಮಸಿನಗುಡಿಯಿಂದ ಮೋಯಾರಿಗೆ ಹೋಗುವ ದಾರಿಯಲ್ಲಿ ಜೀಪು ನಿಲ್ಲಿಸಿ ಕಣಿವೆಯ ನಾಲ್ಕು ಫೋಟೊ ತೆಗೆದೆ. ಕ್ಯಾಮೆರಾದ ಹಿಂದಿನ ಪರದೆಯನ್ನು ಡ್ರೈವರ್‌ಗೆ ತೋರಿಸಿದರೆ ಅವರು ಬಗ್ಗಿ ನೋಡಿ, "ಸಾರ್, ಮೇಲ್ಗಡೆ ಹದ್ದು ಸಿಕ್ಕಿದೆ ನೋಡಿ" ಎಂದರು. ಮೋಯಾರ್ ಕಣಿವೆಯಲ್ಲಿ ರಣಹದ್ದುಗಳು ಇನ್ನೂ ಗೂಡು ಕಟ್ಟುತ್ತವೆ. ನನಗೂ ಖುಷಿಯಾಯಿತು. ಮುಂದಿನ ಫೋಟೊ ನೋಡಿದೆ, ಹದ್ದು ಅಲ್ಲೇ ಇತ್ತು. ತಿರುಗಿ ನಿಂತು ನೀಲಗಿರಿಯ ಗೋಡೆಯಂಥ ಬೆಟ್ಟಸಾಲನ್ನು ತೆಗೆದೆ, ಅಲ್ಲೂ ಎಡಮೂಲೆಯ ಅದೇ ಜಾಗದಲ್ಲಿ ಹದ್ದು. ಖುಷಿ ಇಳಿದುಹೋಯಿತು.

ಹಿಂದಿನ ದಿನ ಓಡುವ ತೆರೆದ ಜೀಪಿನಲ್ಲೇ ಲೆನ್ಸ್ ಬದಲಿಸಿದ್ದೆ. ಮಳೆ ಕಾಣದ ಆ ತಿಂಗಳಲ್ಲಿ ಮಸಿನಗುಡಿಯ ಮಣ್ಣು ರೆಪ್ಪೆಯ ಮೇಲೂ ಕೂರುತ್ತದೆ, ಬಾಯ್ತೆರೆದ ಕ್ಯಾಮೆರಾವನ್ನು ಬಿಡುತ್ತದೆಯೇ? ಮೋಯಾರಿನಿಂದ ಮರಳಿ ಸಂಜೆ ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಿ ಊಟಿಯ ಥಂಡಿಗೆ ಬಂದೆ. ರಾತ್ರಿ ರೂಮಿನಲ್ಲಿ ಬ್ಲೋಯರ್ ಒತ್ತಿ ಗಾಳಿ ಊದಿದೆ. ಕೆಲವು ಕಣ ಹಾರಿದವು, ನಾಲ್ಕು ಅಂಟಿಕೊಂಡೇ ಉಳಿದವು. ಅಂಥವನ್ನು ತೆಗೆಯಲು ಒದ್ದೆ ಸ್ವಾಬ್ ಬೇಕು, ನನ್ನ ಬಳಿ ಇರಲಿಲ್ಲ. ಚುಕ್ಕೆಗಳ ಸಮೇತ ಇನ್ನೆರಡು ದಿನ ಫೋಟೊ ತೆಗೆದು ಮನೆಗೆ ಬಂದೆ.

ಸೆನ್ಸರ್ ಮೇಲೆ ಧೂಳು ಎನ್ನುವುದು ಮಾತಿನ ರೂಢಿ ಮಾತ್ರ. ಧೂಳು ಕೂರುವುದು ಸೆನ್ಸರಿನ ಮುಂದಿರುವ ಗಾಜಿನ ಮೇಲೆ. ಫೋಟೊದಲ್ಲಿ ಕಾಣುವುದು ಧೂಳಲ್ಲ, ಅದರ ನೆರಳು. ಗಾಜಿಗೂ ಸೆನ್ಸರಿಗೂ ಒಂದು ಮಿಲಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ಸೆನ್ಸರಿನ ಒಂದು ಬಿಂದುವಿಗೆ ಬರುವ ಬೆಳಕು ಆ ಗಾಜನ್ನು ದಾಟುವಾಗ ಎಷ್ಟು ಅಗಲವಾಗಿರುತ್ತದೆ ಎಂಬುದನ್ನು ಅಪರ್ಚರ್ ತೀರ್ಮಾನಿಸುತ್ತದೆ. f/4ರಲ್ಲಿ ಕಾಲು ಮಿಲಿಮೀಟರ್, f/16ರಲ್ಲಿ ಹದಿನಾರನೇ ಒಂದು ಮಿಲಿಮೀಟರ್. ನೂರರಲ್ಲಿ ಮೂರು ಪಾಲು ಮಿಲಿಮೀಟರಿನ ಒಂದು ಕಣ f/4ರ ಅಗಲ ಬೆಳಕಿನಲ್ಲಿ ತಡೆಯುವುದು ನೂರಕ್ಕೆ ಒಂದೂವರೆ ಪಾಲು. ಕಣ್ಣಿಗೆ ಗೊತ್ತೇ ಆಗುವುದಿಲ್ಲ. f/16ರಲ್ಲಿ ಅದೇ ಕಣ ಸುಮಾರು 23 ಪಾಲು ನುಂಗುತ್ತದೆ. ಆನೆಯನ್ನು f/4ರಲ್ಲಿ ತೆಗೆದವನಿಗೆ ಕಾಣದ ಧೂಳು ಬೆಟ್ಟವನ್ನು f/16ರಲ್ಲಿ ತೆಗೆದವನಿಗೆ ಕಾಣುವುದು ಇದಕ್ಕೇ.

ಫಿಲ್ಮಿನ ಕಾಲದಲ್ಲಿ ಮುದುಮಲೆಯ ಆನೆಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದ ಎಂ. ಕೃಷ್ಣನ್ ಅವರಿಗೆ ಈ ಕಾಟ ಇದ್ದಿರಲಾರದು. ಆಗ ಪ್ರತಿ ಫೋಟೊಗೂ ಫಿಲ್ಮಿನ ಹೊಸ ತುಂಡು ಮುಂದೆ ಬರುತ್ತಿತ್ತು, ಒಂದರ ಧೂಳು ಅದರೊಂದಿಗೇ ಹೋಗುತ್ತಿತ್ತು. ನಮ್ಮದು ಒಂದೇ ಗಾಜು, ಒಂದೇ ಧೂಳು, ಸಾವಿರ ಫೋಟೊ. ಕಾಟವೂ ಅದೇ, ಮದ್ದೂ ಅದರಲ್ಲೇ ಇದೆ: ದೃಶ್ಯ ಬದಲಾದರೂ ಧೂಳಿನ ಜಾಗ ಬದಲಾಗುವುದಿಲ್ಲ.

ಹಾಗಾಗಿ ಮೊದಲು ಧೂಳಿನ ನಕ್ಷೆ ಮಾಡಿಕೊಂಡೆ. ಕ್ಯಾಮೆರಾವನ್ನು f/22ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಮುಂದೆ ಎರಡು ಸೆಕೆಂಡು ಮೆಲ್ಲಗೆ ಅಲುಗಾಡಿಸುತ್ತ ಒಂದು ಫೋಟೊ ತೆಗೆದೆ. ಗೋಡೆಯ ಕಲೆಗಳು ಕದಡಿಹೋಗುತ್ತವೆ, ಧೂಳು ಮಾತ್ರ ನಿಲ್ಲುತ್ತದೆ. ಕಾಂಟ್ರಾಸ್ಟ್ ಏರಿಸಿದಾಗ ನಾಲ್ಕು ಬೂದು ಚುಕ್ಕೆ ಎದ್ದುಬಂದವು. (ಮುಂದೆ ಸ್ವಾಬ್ ಹಿಡಿಯುವವರಿಗೆ ಒಂದು ಮಾತು: ಫೋಟೊದಲ್ಲಿ ಮೇಲೆ ಎಡಕ್ಕಿರುವ ಚುಕ್ಕೆ, ಲೆನ್ಸ್ ತೆಗೆದು ಮುಂದಿನಿಂದ ನೋಡಿದಾಗ ಸೆನ್ಸರಿನ ಕೆಳಗೆ ಎಡಕ್ಕಿರುತ್ತದೆ.) ಆಮೇಲೆ f/11 ಮತ್ತು ಅದಕ್ಕಿಂತ ಕಿರಿದಾದ ಅಪರ್ಚರಿನ ಫೋಟೊಗಳನ್ನು ಮಾತ್ರ ಬೇರೆ ಮಾಡಿದೆ. ಕಡತ ತುಂಬಿದ ಫೋಲ್ಡರಿನಲ್ಲಿ ಲಿನಕ್ಸ್ ಅಥವಾ ಮ್ಯಾಕಿನಲ್ಲಿ ಈ ಒಂದು ಸಾಲು ಸಾಕು:

```
exiftool -if '$FNumber >= 11' -p '$FileName' .
```

212 ಫೋಟೊಗಳಲ್ಲಿ 58 ಸಿಕ್ಕವು. ಉಳಿದ 154ನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಎಲ್ಲದಕ್ಕೂ ಮದ್ದು ಹಚ್ಚಿದರೆ ಹುಣ್ಣಿಲ್ಲದ ಕಡೆಯೂ ಗಾಯದ ಗುರುತು ಬೀಳುತ್ತದೆ.

ಲೈಟ್‌ರೂಮಿನಲ್ಲಿ ಆಕಾಶ ಹೆಚ್ಚಿರುವ ಒಂದು ಫೋಟೊ ತೆರೆದು, Visualize Spots ಆನ್ ಮಾಡಿ, ನಾಲ್ಕು ಚುಕ್ಕೆಗಳ ಮೇಲೂ ಒಂದೊಂದು ವೃತ್ತ ಇಟ್ಟೆ. ಉಳಿದ 57ನ್ನೂ ಆರಿಸಿ Sync ಒತ್ತಿದೆ, ತಿದ್ದುಪಡಿಗಳಲ್ಲಿ ಚುಕ್ಕೆ ತೆಗೆಯುವುದನ್ನು ಬಿಟ್ಟು ಉಳಿದೆಲ್ಲಕ್ಕೂ ಗುರುತು ತೆಗೆದು. ಅಡ್ಡ ಫೋಟೊ, ಉದ್ದ ಫೋಟೊ ಎಂಬ ಭಯ ಬೇಡ. ಕ್ಯಾಮೆರಾ ತಿರುಗಿಸಿ ಹಿಡಿದರೂ ರಾ ಕಡತದಲ್ಲಿ ಚಿತ್ರ ಸೆನ್ಸರಿನ ಸಾಲಿನಲ್ಲೇ ಇರುತ್ತದೆ, "ತಿರುಗಿಸಿ ತೋರಿಸು" ಎಂಬ ಟಿಪ್ಪಣಿ ಮಾತ್ರ ಸೇರಿರುತ್ತದೆ. ತಿರುಗಿಸಿ ಉಳಿಸಿಬಿಟ್ಟ JPEG ಆದರೆ ಜಾಗವೇ ಬದಲಾಗುತ್ತದೆ.

ಎರಡು ನಿಮಿಷದ ಕೆಲಸ. ಒಂದೊಂದಾಗಿ ನೋಡುತ್ತ ಹೋದೆ. ಹತ್ತು, ಹನ್ನೆರಡು ಸರಿ. ಆಮೇಲೊಂದರಲ್ಲಿ ಸಲಗ ಹೊಳೆಗೆ ಇಳಿಯುತ್ತಿತ್ತು, ಅದರ ಬೆನ್ನಿನ ಮೇಲೆ ಉಗುರಿನಷ್ಟು ಆಕಾಶ! ವೃತ್ತದ ಕೆಲಸ ಪಕ್ಕದ ತುಣುಕನ್ನು ತಂದು ತೇಪೆ ಹಾಕುವುದು. ಮೊದಲ ಫೋಟೊದಲ್ಲಿ ಎಲ್ಲೆಲ್ಲೂ ನೀಲಿ, ಎಲ್ಲಿಂದ ತಂದರೂ ನಡೆಯುತ್ತಿತ್ತು. ಇಲ್ಲಿ ಚುಕ್ಕೆ ಬೆನ್ನಿನ ಮೇಲಿತ್ತು, ತೇಪೆಯ ಬಟ್ಟೆ ಆಕಾಶದ್ದು. ಆನೆಯ ಸುಕ್ಕಿನ ಚರ್ಮದಲ್ಲಿ ಧೂಳಿನ ನೆರಳು ಹೇಗೂ ಕಾಣುತ್ತಿರಲಿಲ್ಲ, ಆ ವೃತ್ತವನ್ನು ಅಳಿಸಿಬಿಟ್ಟೆ. ಅಂದಿನಿಂದ ಫೋಟೊಗಳನ್ನು ಗುಂಪು ಮಾಡಿಕೊಳ್ಳುತ್ತೇನೆ: ಮೇಲ್ಭಾಗ ಪೂರ್ತಿ ಆಕಾಶವಿರುವವು ಒಂದು ಗುಂಪು, ಮಂಜು ಕವಿದ ಟೀ ತೋಟದವು ಇನ್ನೊಂದು, ಕಾಡು ತುಂಬಿದವಕ್ಕೆ ಏನೂ ಬೇಡ.

ತೇಪೆಗಿಂತ ಶುದ್ಧವಾದ ದಾರಿಯೊಂದಿದೆ, ಖಗೋಳ ವೀಕ್ಷಕರದ್ದು. ಧೂಳು ಬೆಳಕನ್ನು ಪೂರ್ತಿ ನುಂಗಿಲ್ಲ, f/16ರಲ್ಲಿ ನೂರಕ್ಕೆ 77 ಪಾಲು ಉಳಿಸಿದೆ. ಹಾಗಿದ್ದರೆ ಆ ಜಾಗವನ್ನು 0.77ರಿಂದ ಭಾಗಿಸಿದರೆ ಸಲಗದ ನಿಜವಾದ ಚರ್ಮವೇ ವಾಪಸು ಬರಬೇಕು. ಬಿಳಿ ಹಾಳೆಯ ಫೋಟೊವೊಂದನ್ನು ಇಟ್ಟುಕೊಂಡು ಉಳಿದೆಲ್ಲವನ್ನೂ ಅದರಿಂದ ಭಾಗಿಸುತ್ತಾರೆ. ಆದರೆ ಆ ಹಾಳೆಯನ್ನು ಅದೇ ಲೆನ್ಸ್, ಅದೇ ಜೂಮ್, ಅದೇ ಅಪರ್ಚರಿನಲ್ಲಿ ತೆಗೆದಿರಬೇಕು, ಕಡತ ರಾ ಆಗಿರಬೇಕು. ಇವು ಬದಲಾದರೆ ನೆರಳಿನ ಅಗಲವೋ ಜಾಗವೋ ಸ್ವಲ್ಪ ಬದಲಾಗುತ್ತದೆ. ಆಗ ಚುಕ್ಕೆ ಪೂರ್ತಿ ಅಳಿಯದೆ, ಕಪ್ಪಿನ ಅಂಚಿಗೆ ಬಿಳಿ ಉಂಗುರವೊಂದು ಹುಟ್ಟುತ್ತದೆ. ಬಿಳಿ ಉಂಗುರ ಕಂಡರೆ ಭಾಗಾಕಾರ ತಪ್ಪಿದೆ ಎಂದು ತಿಳಿಯಬೇಕು. ಜೂಮ್ ತಿರುಗಿಸುತ್ತಲೇ ಇದ್ದ ನನ್ನ 58ರಲ್ಲಿ ಇದು ಹೊಂದಿದ್ದು ಟ್ರೈಪಾಡ್ ಮೇಲಿಟ್ಟು ತೆಗೆದ ಆರಕ್ಕೆ ಮಾತ್ರ.

ಕೊನೆಗೆ ತಿದ್ದಿದ ಪ್ರತಿಯನ್ನೂ ಮೂಲವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಮೋಯಾರಿನ ಒಂದರಲ್ಲಿ ಅಳಿಸಿಹೋದ ಚುಕ್ಕೆ ಉಳಿದವುಗಳಿಗಿಂತ ತುಸು ದೊಡ್ಡದಿತ್ತು. ಮೂಲವನ್ನು ಹಿಗ್ಗಿಸಿದೆ. ಧೂಳು ಅಂಚು ಕರಗಿದ ದುಂಡನೆಯ ಬೂದು, ಇದಕ್ಕೆ ಚೂಪು ಅಂಚಿತ್ತು, ಪಕ್ಕಕ್ಕೆ ಚಾಚಿದ ರೆಕ್ಕೆ ಇತ್ತು. ಹಿಂದಿನ ಫೋಟೊದಲ್ಲಿ ಅದು ವೃತ್ತದ ಬಲಕ್ಕೆ, ಮುಂದಿನದರಲ್ಲಿ ಎಡಕ್ಕೆ. ಧೂಳಿನ ಚುಕ್ಕೆ ಹಾರುವುದಿಲ್ಲ. ಆ ಒಂದು ಕ್ಷಣ ಧೂಳಿನ ಮುಂದೆಯೇ ಹಾದುಹೋದ ರಣಹದ್ದನ್ನು ನನ್ನ Sync ಅಳಿಸಿಹಾಕಿತ್ತು. ವೃತ್ತ ತೆಗೆದೆ, ಒಂದು ರೆಕ್ಕೆ ಚೂರು ಮಸುಕಾಗಿಯೇ ಉಳಿಯಿತು.

ಫೋಟೊವನ್ನು ಡ್ರೈವರ್‌ಗೆ ವಾಟ್ಸಾಪ್ ಮಾಡಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: "ನಾನು ಆವತ್ತೇ ಹೇಳಿದ್ನಲ್ಲ ಸಾರ್."