ಸಾಕೆ ಶೀಶೆ, ಸೆಂಚಾ ಪೊಟ್ಟಣ: ಲೇಬಲ್ ಓದುವ ಬಗೆ

ಜಪಾನಿನ ಸಾಕೆ ಶೀಶೆಯ ಮೇಲೆ ಜುನ್‌ಮಾಯ್, ಗಿಂಜೊ ಎಂದು ಯಾರು ಬೇಕಾದರೂ ಬರೆದುಕೊಳ್ಳುವಂತಿಲ್ಲ. ಯಾವ ಸಾಕೆಗೆ ಯಾವ ಹೆಸರು ಸಲ್ಲುತ್ತದೆಂದು ಅಲ್ಲಿನ ತೆರಿಗೆ ಇಲಾಖೆ ಗೊತ್ತುಮಾಡಿದೆ. 1990ರಿಂದ ಆ ನಿಯಮ ಜಾರಿಯಲ್ಲಿದೆ. ಈ ಹೆಸರುಗಳ ಹಿಂದೆ ಇರುವುದು ಎರಡೇ ಪ್ರಶ್ನೆ: ಹೊರಗಿನಿಂದ ಆಲ್ಕೋಹಾಲ್ ಬೆರೆಸಿದ್ದಾರೆಯೇ? ಅಕ್ಕಿಯನ್ನು ಎಷ್ಟು ತಿಕ್ಕಿದ್ದಾರೆ?

ಮೊದಲ ಪ್ರಶ್ನೆಗೆ ಉತ್ತರ ಜುನ್‌ಮಾಯ್. ಈ ಹೆಸರಿದ್ದರೆ ಅಕ್ಕಿ, ನೀರು ಮತ್ತು ಕೋಜಿ, ಅಂದರೆ ಬೂಷ್ಟು ಬೆಳೆಸಿದ ಅಕ್ಕಿ, ಇವಿಷ್ಟನ್ನೇ ಹುದುಗಿಸಿ ಮಾಡಿದ್ದು ಎಂದರ್ಥ. ಹೆಸರಿನಲ್ಲಿ ಜುನ್‌ಮಾಯ್ ಇಲ್ಲದೆ ಬರೀ ಗಿಂಜೊ ಅಥವಾ ಹೊಂಜೊಝೊ ಎಂದಿದ್ದರೆ ಸ್ವಲ್ಪ ಆಲ್ಕೋಹಾಲ್ ಸೇರಿಸಿದ್ದಾರೆ. ಇದನ್ನು ಕಲಬೆರಕೆ ಎಂದುಕೊಳ್ಳಬೇಡಿ. ಹಿಂಡುವ ಮುನ್ನ ಸೇರಿಸಿದ ಆಲ್ಕೋಹಾಲ್ ಹುದುಗಿನಲ್ಲಿರುವ ಪರಿಮಳವನ್ನು ಎಳೆದು ಸಾಕೆಯಲ್ಲಿ ಉಳಿಸುತ್ತದೆ, ಬಾಯಿಗೆ ಹಗುರವೂ ಅನ್ನಿಸುತ್ತದೆ. ಜುನ್‌ಮಾಯ್‌ನಲ್ಲಿ ಸಾಮಾನ್ಯವಾಗಿ ಅಕ್ಕಿಯ ರುಚಿ ಮುಂದಿರುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ಗಿಂಜೊ. ಅಕ್ಕಿಕಾಳಿನ ಹೊರಪದರದಲ್ಲಿ ಪ್ರೋಟೀನು, ಕೊಬ್ಬು ಹೆಚ್ಚು. ಅವು ಉಳಿದರೆ ರುಚಿ ಭಾರವಾಗುತ್ತದೆ, ಪರಿಮಳ ಏಳುವುದಿಲ್ಲ. ಹಾಗಾಗಿ ತಿಕ್ಕಿ ತೆಗೆಯುತ್ತಾರೆ. ಕಾಳಿನ ತೂಕದಲ್ಲಿ ಶೇ. 60 ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದರೆ ಗಿಂಜೊ, ಶೇ. 50 ಅಥವಾ ಕಡಿಮೆ ಉಳಿದಿದ್ದರೆ ದಾಯ್‌ಗಿಂಜೊ. ತಣ್ಣಗಿನ ಕೋಣೆಯಲ್ಲಿ ನಿಧಾನವಾಗಿ ಹುದುಗಿಸುವುದೂ ಸೇರಿ ಗಿಂಜೊಗೆ ಸೇಬಿನಂಥ, ಬಾಳೆಹಣ್ಣಿನಂಥ ಪರಿಮಳ ಬರುತ್ತದೆ. ಹೊಸಬರು ಎಡವುವುದು ಅಂಕಿಯಲ್ಲಿ: ಲೇಬಲ್ಲಿನ ಶೇಕಡಾ ಉಳಿದ ಭಾಗದ್ದು, ತೆಗೆದದ್ದಲ್ಲ. ಅಂಕಿ ಸಣ್ಣದಾದಷ್ಟೂ ಹೆಚ್ಚು ಅಕ್ಕಿ ಪುಡಿಯಾಗಿ ಹೋಗಿದೆ, ಅದರಂತೆ ಬೆಲೆಯೂ ಏರುತ್ತದೆ. ಊಟದ ಜೊತೆ ಕುಡಿಯಲು ದುಬಾರಿ ದಾಯ್‌ಗಿಂಜೊಗಿಂತ ಸಾದಾ ಜುನ್‌ಮಾಯ್ ಹೆಚ್ಚು ಹೊಂದುವುದುಂಟು. ಬೆಚ್ಚಗೆ ಮಾಡಿ ಕುಡಿಯುವುದಕ್ಕೂ ಅದೇ ಸೈ.

ಒಂದು ಶೀಶೆ ಓದಿ ನೋಡೋಣ. ಮುಂದೆ ಜುನ್‌ಮಾಯ್ ಗಿಂಜೊ, ನಾಮಾ. ಹಿಂದೆ: ಸಾಮಗ್ರಿ ಅಕ್ಕಿ, ಅಕ್ಕಿ ಕೋಜಿ, ತಿಕ್ಕಿದ ಪ್ರಮಾಣ ಶೇ. 55, ಆಲ್ಕೋಹಾಲ್ ಶೇ. 16. ಸಾಮಗ್ರಿಪಟ್ಟಿಯಲ್ಲಿ ಆಲ್ಕೋಹಾಲ್ ಇಲ್ಲ, ಜುನ್‌ಮಾಯ್ ಎಂಬ ಮಾತಿಗೆ ಅದು ತಾಳೆಯಾಯಿತು. 55 ಎಂಬುದು 60ರ ಒಳಗೆ, ಹಾಗಾಗಿ ಗಿಂಜೊ. 50 ಮುಟ್ಟದ್ದರಿಂದ ದಾಯ್‌ಗಿಂಜೊ ಅಲ್ಲ. ಇನ್ನುಳಿದ ನಾಮಾ ಎಂಬ ಮಾತೇ ಕೊಳ್ಳುವವರಿಗೆ ಎಲ್ಲಕ್ಕಿಂತ ಮುಖ್ಯ. ಬಹುಪಾಲು ಸಾಕೆಯನ್ನು ಬಿಸಿಮಾಡಿ ಜೀವಾಣು, ಕಿಣ್ವಗಳನ್ನು ನಿಲ್ಲಿಸಿರುತ್ತಾರೆ. ನಾಮಾ ಹಾಗಲ್ಲ, ಹಸಿ. ಅದನ್ನು ಅಂಗಡಿಯವರು ಫ್ರಿಜ್ಜಿನಲ್ಲಿಟ್ಟಿರಬೇಕು. ಹೊರಗಿನ ಕಪಾಟಿನಲ್ಲಿ ಬಿಸಿಲು ಕಾಯುತ್ತ ನಿಂತಿದ್ದರೆ ಬಿಟ್ಟುಬಿಡಿ. ಪರಿಮಳ ಕೆಟ್ಟು ಬಣ್ಣ ಹಳದಿಗೆ ತಿರುಗಿರುತ್ತದೆ.

ಚಹಾ ಪೊಟ್ಟಣದಲ್ಲಿ ಇಂಥ ಶೇಕಡಾವಾರು ಮಟ್ಟಗಳಿಲ್ಲ. ಅಲ್ಲಿನ ಮಾತುಗಳು ಎಲೆಗೆ ಏನೇನು ಮಾಡಿದರೆಂದು ಹೇಳುತ್ತವೆ. ಸೆಂಚಾ ಎಂದರೆ ಕೊಯ್ದ ಎಲೆಯನ್ನು ಬೇಗನೆ ಹಬೆಯಲ್ಲಿ ಬೇಯಿಸಿ, ಉಜ್ಜಿ ಸುರುಳಿಮಾಡಿ ಒಣಗಿಸಿದ್ದು. ಹಬೆ ತಾಗಿದ್ದರಿಂದಲೇ ಹಸಿರು ಉಳಿದಿದೆ. ಫುಕಾಮುಶಿ ಎಂದಿದ್ದರೆ ಹಬೆಯಲ್ಲಿ ಹೆಚ್ಚು ಹೊತ್ತು ಇಟ್ಟಿದ್ದಾರೆ: ಎಲೆ ಪುಡಿಪುಡಿ, ಕಷಾಯ ಗಾಢ ಹಸಿರು, ಒಗರು ಕಡಿಮೆ. ಗ್ಯೊಕುರೊ ಕೊಯ್ಲಿಗೆ ಮುಂಚೆ ಸುಮಾರು ಇಪ್ಪತ್ತು ದಿನ ನೆರಳಲ್ಲಿ ಬೆಳೆದ ಎಲೆ, ಅದರಿಂದ ಅದಕ್ಕೆ ಸಿಹಿ ಹೆಚ್ಚು. ಹುರಿದದ್ದು ಹೋಜಿಚಾ. ಶಿಂಚಾ ಆ ವರ್ಷದ ಮೊದಲ ಚಿಗುರು, ವಸಂತದಲ್ಲಿ ಮಾರುಕಟ್ಟೆಗೆ ಬರುತ್ತದೆ. ವರ್ಷದ ಕೊನೆಗೆ ಸಿಗುವ ಶಿಂಚಾ ಹೆಸರಿಗಷ್ಟೇ ಹೊಸತು.

ಕುದಿಸಿದ ಚಹಾ ಕುಡಿದು ಬೆಳೆದ ನಾವು ಸೆಂಚಾವನ್ನು ಕೆಡಿಸುವುದು ಕುದಿಯುವ ನೀರಿನಿಂದ. ಬಿಸಿ ಹೆಚ್ಚಾದಷ್ಟೂ ಒಗರು ಬೇಗ ಇಳಿಯುತ್ತದೆ. ಕುದಿದ ನೀರನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಎರಡು ಸಲ ಸುರಿದರೆ 80 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಐದು ಗ್ರಾಂ ಎಲೆಗೆ 200 ಮಿಲಿ ನೀರು, ಒಂದು ನಿಮಿಷ. ಫುಕಾಮುಶಿಗೆ ಅರ್ಧ ನಿಮಿಷ ಸಾಕು. ಗ್ಯೊಕುರೊಗೆ ನೀರು 50–60 ಡಿಗ್ರಿಗೆ ತಣಿಯಲಿ.

ಕೊಳ್ಳುವಾಗ ಚಿಕ್ಕ ಪೊಟ್ಟಣ ಕೊಳ್ಳಿ. ತೆರೆದ ಎಲೆ ಗಾಳಿ, ಬೆಳಕಿಗೆ ಬೇಗ ಹಳದಿಯಾಗಿ ಒಣಹುಲ್ಲಿನ ವಾಸನೆ ಹಿಡಿಯುತ್ತದೆ. ಎಂಥ ದೊಡ್ಡ ಹೆಸರಿನ ಸೆಂಚಾ ಆದರೂ ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟರೆ ಕುಡಿಯಲು ಬಾರದು.