ಒಂದು ‘ಗೆ’ ಉದುರಿದ ಕ್ರಯಪತ್ರ

ಹಳೆಯ ಕ್ರಯಪತ್ರಗಳನ್ನು ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟು, ಮಾರಿದವರು ಯಾರು, ಕೊಂಡವರು ಯಾರು, ಹಣವೆಷ್ಟು, ರುಜು ಯಾರದು ಎಂದು ಪಟ್ಟಿ ಮಾಡುವ ಕೆಲಸ ಈಗ ಹಲವು ಕಡೆ ನಡೆಯುತ್ತಿದೆ. ಅಂಥ ಒಂದು ಪಟ್ಟಿಯನ್ನು ಮೂಲಪತ್ರದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಿದೆ. ಪತ್ರ 1998ರದು, ಛಾಪಾ ಕಾಗದದ ಮೇಲೆ ಕನ್ನಡ ಟೈಪ್‌ರೈಟರಿನಲ್ಲಿ ಹೊಡೆದದ್ದು. ಪಟ್ಟಿಯ ಪ್ರಕಾರ ಸಿದ್ದಯ್ಯ ಎಂಬವರು ರಂಗಪ್ಪನಿಗೆ 4,25,000 ರೂಪಾಯಿಗೆ ಜಮೀನು ಮಾರಿದ್ದಾರೆ. ಪತ್ರದಲ್ಲಿರುವುದು, ರಂಗಮ್ಮ ಎಂಬಾಕೆ ಸಿದ್ದಯ್ಯನಿಗೆ 4,75,000ಕ್ಕೆ ಮಾರಿದ ಸಂಗತಿ. (ಹೆಸರುಗಳನ್ನು ಬದಲಿಸಿದ್ದೇನೆ.) ಮೂರೂ ತಪ್ಪು, ಆದರೆ ಮೂರರ ಕಾರಣವೂ ಬೇರೆ ಬೇರೆ. ಈ ಕೆಲಸದ ಕ್ರಮ ಎಲ್ಲಿ ಸೋಲುತ್ತದೆ ಎಂಬುದು ಆ ಕಾರಣಗಳಲ್ಲೇ ಇದೆ.

ಮೊದಲು ಪಾತ್ರಗಳ ಅದಲುಬದಲು. ಕನ್ನಡ ಕ್ರಯಪತ್ರದ ಹಳೆಯ ಒಕ್ಕಣೆಯಲ್ಲಿ ಸಾಮಾನ್ಯವಾಗಿ ಕೊಳ್ಳುವವರ ಹೆಸರೇ ಮೊದಲು ಬರುತ್ತದೆ: ಇಂಥ ಊರಿನ ಸಿದ್ದಯ್ಯನವರಿಗೆ, ಇಂಥ ಊರಿನ ಲೇಟ್ ಹನುಮಯ್ಯನವರ ಹೆಂಡತಿ ರಂಗಮ್ಮ ಆದ ನಾನು ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ. ಯಾರು ಯಾರಿಗೆ ಎಂಬುದೆಲ್ಲ ಆ ‘ಗೆ’ ಪ್ರತ್ಯಯದ ಮೇಲೆ ನಿಂತಿದೆ. ಈ ಪತ್ರದಲ್ಲಿ ಕಾಗದದ ಮಡಿಕೆ ಸರಿಯಾಗಿ ಅಲ್ಲೇ ಬಿದ್ದಿತ್ತು. ‘ಸಿದ್ದಯ್ಯನವರಿಗೆ’ ಎಂಬುದು ‘ಸಿದ್ದಯ್ಯನವರ’ ಎಂದಾಯಿತು. ವಿಭಕ್ತಿ ಸಿಗದೆ ಹೋದಾಗ ಮೊದಲ ಹೆಸರು ಮಾರಿದವರದು ಎಂದುಕೊಳ್ಳುವಂತೆ ಪ್ರೋಗ್ರಾಂ ಬರೆದವರು ನಿಯಮ ಇಟ್ಟಿದ್ದರು. ಇಂಗ್ಲಿಷ್ ಪತ್ರಗಳಿಗೆ ಅದು ಬಹುಮಟ್ಟಿಗೆ ಸರಿ, ಕನ್ನಡದ ಈ ಒಕ್ಕಣೆಗೆ ಪೂರಾ ತಲೆಕೆಳಗು.

ಇದನ್ನು ಹಿಡಿಯುವ ದಾರಿ ಪತ್ರದೊಳಗೇ ಇತ್ತು. ಕ್ರಯಪತ್ರದ ಮೈಯುದ್ದಕ್ಕೂ ಮಾರುವವರು ‘ನಾನು’, ಕೊಳ್ಳುವವರು ‘ನೀವು’. ‘ನಿಮ್ಮಿಂದ ಹಣ ಪಡೆದು’, ‘ನಿಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ‘ಆದ ನಾನು’ ಎಂಬುದು ಯಾವ ಹೆಸರಿಗೆ ಅಂಟಿಕೊಂಡಿದೆ ಎಂದು ನೋಡಿದ್ದರೆ ಸಾಕಿತ್ತು. ಕೊನೆಯ ಪುಟದಲ್ಲಿ ‘ಬರೆದುಕೊಟ್ಟವರ ರುಜು’ ಎಂಬಲ್ಲಿ ಯಾರ ಗುರುತಿದೆ ಎಂಬುದು ಇನ್ನೊಂದು ಸಾಕ್ಷಿ. ಒಂದೇ ಸಾಲಿನಿಂದ ಪಾತ್ರವನ್ನು ತೀರ್ಮಾನಿಸುವುದು ಈ ಪದ್ಧತಿಯ ದೊಡ್ಡ ದೋಷ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಹಣದ ಕಥೆ ಇನ್ನೂ ಸೂಕ್ಷ್ಮ. ಮೂಲದಲ್ಲಿ ‘ರೂ. ೪,೭೫,೦೦೦/- (ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ರೂಪಾಯಿ ಮಾತ್ರ)’ ಎಂದಿತ್ತು. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ನೋಟದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಅಕ್ಷರಗಳು. ಕೊನೆಯ ಓರೆಗೆರೆ ಒಂದು ಎಂಬ ಅಂಕಿಯಾಗುವುದೂ ತೀರಾ ಸಾಮಾನ್ಯ. ಹೀಗಾಗಿ ಅಂಕಿಯ ಭಾಗ ‘೪,೭೫,ಂಂಂ1-’ ಎಂದು ಬಂತು. ಇದು ಸಂಖ್ಯೆಯೇ ಅಲ್ಲವೆಂದು ಪ್ರೋಗ್ರಾಂ ಬದಿಗಿಟ್ಟು ಅಕ್ಷರದ ಮೊತ್ತವನ್ನು ಹಿಡಿಯಿತು. ಅಲ್ಲಿ ‘ಎಪ್ಪತ್ತೈದು’ ಎಂಬುದು ‘ಇಪ್ಪತ್ತೈದು’ ಆಗಿತ್ತು. ಮೊದಲ ಅಕ್ಷರ ಒಂದೇ ಬದಲಾಗಿ ಐವತ್ತು ಸಾವಿರ ಹೋಯಿತು.

ಅಂಕಿಗೂ ಅಕ್ಷರಕ್ಕೂ ಹೊಂದದಿದ್ದರೆ ಅಕ್ಷರವೇ ಮೇಲು ಎಂಬ ನಿಯಮ ಚೆಕ್ಕು, ಪ್ರಾಮಿಸರಿ ನೋಟುಗಳಿಗೆ ಸಂಬಂಧಿಸಿದ ಕಾಯ್ದೆಯ 18ನೇ ಕಲಮಿನಲ್ಲಿದೆ. ಪಟ್ಟಿ ಮಾಡುವವರು ಇದನ್ನೇ ನೆಪ ಮಾಡಿಕೊಳ್ಳುತ್ತಾರೆ. ಆದರೆ ಆ ನಿಯಮ ಇರುವುದು ಬರೆದವನೇ ಎರಡು ಥರ ಬರೆದಿದ್ದಾಗ. ಯಂತ್ರ ತಪ್ಪಾಗಿ ಓದಿದ್ದಕ್ಕೆ ಅದು ಅನ್ವಯಿಸುವುದು ಹೇಗೆ? ಇಲ್ಲಿ ಬೇಕಾದದ್ದು ಮೂರನೆಯ ಸಾಕ್ಷಿ. ಅದೂ ಪತ್ರದಲ್ಲಿತ್ತು: ಮುಂಗಡವಾಗಿ 1,50,000, ಉಳಿದ 3,25,000 ಉಪನೋಂದಣಾಧಿಕಾರಿಗಳ ಸಮಕ್ಷಮ. ಕೂಡಿದರೆ 4,75,000. ಅಂಕಿಯ ಭಾಗದಲ್ಲಿ ಅಲ್ಪವಿರಾಮಗಳೂ ಉಳಿದಿದ್ದವು. ನಮ್ಮ ಲೆಕ್ಕದ ಬರವಣಿಗೆಯಲ್ಲಿ ಕೊನೆಯ ಗುಂಪಿಗೆ ಮೂರೇ ಅಂಕಿ, ಹಾಗಾಗಿ ನಾಲ್ಕನೆಯದು ಕಂಡರೆ ಅದು ಓರೆಗೆರೆ ಎಂದು ಅನುಮಾನಿಸಬೇಕು. ಹಣದ ವಿಷಯದಲ್ಲಿ ಪತ್ರ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ, ಅದನ್ನು ಬಳಸಿಕೊಳ್ಳಬೇಕಷ್ಟೆ.

ಹೆಸರಿಗೆ ಆ ರಕ್ಷಣೆ ಕಡಿಮೆ. ಟೈಪ್‌ರೈಟರಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿಕೊಂಡು ಮಸಿ ಕಲಸಿದರೆ ‘ಮ್ಮ’ ‘ಪ್ಪ’ ಆಗುತ್ತದೆ, ಹೆಂಗಸು ಗಂಡಸಾಗುತ್ತಾಳೆ. ಪತ್ರದ ಒಳಗೊಂದು ಕಡೆ ‘ರಂಗಪ್ಪ ಕೋಂ ಲೇಟ್ ಹನುಮಯ್ಯ’ ಎಂದು ಬಂದಿತ್ತು. ‘ಕೋಂ’ ಅಂದರೆ ಇಂಥವರ ಹೆಂಡತಿ, ‘ಬಿನ್’ ಅಂದರೆ ಇಂಥವರ ಮಗ. ‘ಕೋಂ’ ಇರುವಲ್ಲಿ ರಂಗಪ್ಪ ಬರುವಂತಿಲ್ಲ. ಕಂದಾಯದ ಕಾಗದ ಓದಿ ಗೊತ್ತಿರುವ ಯಾರೇ ಆದರೂ ಅಲ್ಲಿ ನಿಲ್ಲುತ್ತಾರೆ.

ನಿಂತ ಮೇಲೆ ಏನು ಮಾಡಬೇಕೆಂಬುದರಲ್ಲಿ ನನಗೆ ಈ ಪದ್ಧತಿಯೊಡನೆ ಗಟ್ಟಿಯಾದ ಭಿನ್ನಾಭಿಪ್ರಾಯವಿದೆ. ಹೆಸರುಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಹತ್ತಿರದ ಹೆಸರಿಗೆ ತಾನಾಗಿ ತಿದ್ದುವ ರೂಢಿ ಬೆಳೆದಿದೆ. ಅದು ಅಪಾಯಕಾರಿ. ಪತ್ರದಲ್ಲೇ ಒಂದು ಕಡೆ ಹನುಮಯ್ಯ, ಇನ್ನೊಂದು ಕಡೆ ಹನುಮಂತಯ್ಯ ಎಂದು ನಿಜವಾಗಿಯೂ ಟೈಪಾಗಿರಬಹುದು. ಮುಂದೆ ತಿದ್ದುಪಡಿ ಪತ್ರ ಬರೆಸಬೇಕೇ ಎಂಬುದು ಆ ವ್ಯತ್ಯಾಸದ ಮೇಲೇ ನಿಂತಿರುತ್ತದೆ. ತಂತ್ರಾಂಶ ಎರಡನ್ನೂ ಒಂದೇ ಮಾಡಿಬಿಟ್ಟರೆ ಪತ್ರದ ದೋಷ ಪಟ್ಟಿಯಲ್ಲಿ ಮಾಯವಾಗುತ್ತದೆ, ವಕೀಲರು ಅದನ್ನು ನೋಡುವುದೇ ಇಲ್ಲ. ಆದ್ದರಿಂದ ಹೆಸರನ್ನು ತಿದ್ದಬಾರದು. ಓದಿದ್ದನ್ನು ಓದಿದಂತೆ ಇಟ್ಟು, ಅನುಮಾನವನ್ನು ಪಕ್ಕದಲ್ಲಿ ಬರೆದು, ಆ ಸಾಲಿನ ಚಿತ್ರವನ್ನು ಜೊತೆಗಿಡಬೇಕು. ಇದು ಕಷ್ಟದ ಕೆಲಸವೇನಲ್ಲ. ಎಲ್ಲರೂ ಬಳಸಬಹುದಾದ ಟೆಸೆರಾಕ್ಟ್ ಪ್ರತಿ ಪದದ ಜಾಗವನ್ನೂ ನೂರಕ್ಕೆ ಎಷ್ಟು ಭರವಸೆ ಎಂಬುದನ್ನೂ ಕೊಡುತ್ತದೆ:

```
tesseract puta1.png puta1 -l kan --psm 6 tsv
```

ಇದರಿಂದ ಬರುವ ಕಡತದ `conf` ಕಾಲಮ್ಮಿನಲ್ಲಿ ಭರವಸೆಯ ಅಂಕ ಇರುತ್ತದೆ. ಅದನ್ನೊಂದೇ ನಂಬಿ ಕೂರುವಂತಿಲ್ಲ, ಯಾಕೆಂದರೆ ‘ಇಪ್ಪತ್ತೈದು’ ತಪ್ಪಾದ ಓದೇ ಆದರೂ ಸರಿಯಾದ ಕನ್ನಡ ಪದ, ಹೆಚ್ಚಿನ ಅಂಕ ಪಡೆದೇ ಬರಬಹುದು. `left`, `top`, `width`, `height` ಎಂಬ ಕಾಲಮ್ಮುಗಳು ಹೆಚ್ಚು ಉಪಯೋಗದವು. ಅವುಗಳಿಂದ ಮೂಲದ ಆ ತುಣುಕನ್ನು ಕತ್ತರಿಸಿ ಓದುವವರ ಕಣ್ಣಮುಂದೆ ಇಡಬಹುದು.

ಇಂಥ ಕೆಲಸವನ್ನು ‘ಅಕ್ಷರಗಳಲ್ಲಿ ನೂರಕ್ಕೆ ತೊಂಬತ್ತೆಂಟು ಸರಿ’ ಎಂದು ಅಳೆಯುವುದನ್ನೂ ಒಪ್ಪಲಾರೆ. 1,500 ಅಕ್ಷರಗಳ ಪುಟದಲ್ಲಿ ಹಾಗೆಂದರೆ 30 ತಪ್ಪು. ಅವು ಚಕ್ಕುಬಂದಿಯ ವಿವರಣೆಯಲ್ಲಿ ಹಂಚಿಹೋದರೆ ಒಂದು ಮಾತು, ‘ಗೆ’, ‘ಎ’, ‘ಮ್ಮ’ಗಳ ಮೇಲೆ ಬಿದ್ದರೆ ಇನ್ನೊಂದೇ ಮಾತು. ನಮ್ಮ ಪತ್ರದಲ್ಲಿ ಪಟ್ಟಿಯನ್ನು ಕೆಡಿಸಿದವು ಬೆರಳೆಣಿಕೆಯ ಅಕ್ಷರಗಳು.

ಉಳಿದದ್ದು ರುಜು. ಪಟ್ಟಿಯಲ್ಲಿ ರುಜುದಾರರ ಕಾಲಂ ಖಾಲಿ ಇತ್ತು. ರಂಗಮ್ಮ ಸಹಿ ಹಾಕಿರಲಿಲ್ಲ, ಎಡಗೈ ಹೆಬ್ಬೆಟ್ಟು ಒತ್ತಿದ್ದರು. ಅದರ ಸುತ್ತ ಪತ್ರ ಬರೆದ ಬಿಕ್ಕಲಂನವರು ಕೈಬರಹದಲ್ಲಿ ಆಕೆಯ ಹೆಸರು ಬರೆದಿದ್ದರು. ಅಚ್ಚಿನ ಅಕ್ಷರಕ್ಕೆ ಪಳಗಿದ ತಂತ್ರಾಂಶಕ್ಕೆ ಅದು ಬರೀ ಕಲೆ. ಇದರ ವಿರುದ್ಧದ ತಪ್ಪೂ ಉಂಟು: ‘ಸಾಕ್ಷಿಗಳು’ ಎಂಬುದರ ಕೆಳಗೆ ಹೆಸರು ಟೈಪಾಗಿದ್ದು ಸಹಿ ಇಲ್ಲದಿದ್ದರೂ ಸಹಿ ಹಾಕಿದವರ ಲೆಕ್ಕಕ್ಕೆ ಸೇರಿಸಿಬಿಡುವುದು. ಟೈಪಾದ ಹೆಸರು, ಅದರ ಮೇಲಿನ ಗುರುತು ಇವು ಎರಡು ಬೇರೆ ಕಾಲಮ್ಮುಗಳಾಗಬೇಕು. ಎರಡನೆಯದನ್ನು ಮನುಷ್ಯರೇ ನೋಡಿ ತುಂಬಬೇಕು.

ಪುಟದ ಹಿಂಬದಿಯ ಮಾತು ಹೇಳದಿದ್ದರೆ ಇದು ಪೂರ್ತಿಯಾಗದು. 1908ರ ನೋಂದಣಿ ಕಾಯ್ದೆಯ 58ನೇ ಕಲಮಿನಂತೆ, ಪತ್ರ ಬರೆದುಕೊಟ್ಟದ್ದನ್ನು ಒಪ್ಪಿಕೊಂಡ ಪ್ರತಿಯೊಬ್ಬರ ರುಜುವನ್ನೂ ನೋಂದಣಿಯ ಹಿಂಬರಹದಲ್ಲಿ ಪಡೆಯಬೇಕು. ಯಾರು ಬರೆದುಕೊಟ್ಟರು ಎಂಬುದಕ್ಕೆ ಅಲ್ಲಿಗಿಂತ ಒಳ್ಳೆಯ ತಾಳೆ ಸಿಗದು. ಈ ಪತ್ರವನ್ನು ಸ್ಕ್ಯಾನ್ ಮಾಡಿದವರು ಮುಂಬದಿಗಳನ್ನಷ್ಟೇ ತೆಗೆದಿದ್ದರು. ಮೂಲವನ್ನು ತರಿಸಿ ಮೊದಲ ಹಾಳೆಯನ್ನು ತಿರುಗಿಸಿದಾಗ, ದುಂಡು ಮೊಹರಿನ ಪಕ್ಕ ಇನ್ನೊಂದು ಹೆಬ್ಬೆಟ್ಟು, ಕೆಳಗೆ ಕಚೇರಿಯವರ ಕೈಬರಹದಲ್ಲಿ ಸ್ಪಷ್ಟವಾಗಿ ‘ರಂಗಮ್ಮ, ಬರೆದುಕೊಟ್ಟವರು’ ಎಂದಿತ್ತು.